ಎಂಟು ಜನ ನರ್ಸ್‌ಗಳು, ಮೂರು ಡ್ಯೂಟಿ ಚಾರ್ಟ್: ನಾನು ಹಾಕಿ ನೋಡಿದ್ದು

ನಮ್ಮದು ತಾಲ್ಲೂಕು ಊರಿನ 20 ಹಾಸಿಗೆಯ ಸಣ್ಣ ಕ್ಲಿನಿಕ್. ನಾನು ಇನ್‌ಚಾರ್ಜ್. ನನ್ನ ಡ್ಯೂಟಿ 9ರಿಂದ 5. ಪಾಳಿ ಮಾಡುವವರು ನನ್ನನ್ನು ಬಿಟ್ಟು ಎಂಟು ಜನ. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಪ್ರತಿ ಪಾಳಿಗೂ ಇಬ್ಬರು ಇರಲೇಬೇಕು. ಇದಕ್ಕೆ ನಾನು ಮೂರು ಥರದ ಚಾರ್ಟ್ ಹಾಕಿ ನೋಡಿದೆ, ಒಂದೊಂದನ್ನು ಎಂಟು ವಾರ ನಡೆಸಿದೆ.

ಮೊದಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ಎಂಟು ವಾರ ಅಂದರೆ 56 ರಾತ್ರಿ. ರಾತ್ರಿಗೆ ಇಬ್ಬರಂತೆ 112 ನೈಟ್ ಡ್ಯೂಟಿ. ಎಂಟು ಜನಕ್ಕೆ ಹಂಚಿದರೆ ತಲೆಗೆ 14. ಯಾವ ಚಾರ್ಟ್ ಹಾಕಿದರೂ ವಾರಕ್ಕೆ ಸರಾಸರಿ 42 ಗಂಟೆ ಕೆಲಸ. ಒಟ್ಟು ಕೆಲಸ ಅಷ್ಟೇ ಇರುತ್ತದೆ, ಅದು ಯಾರ ಮೇಲೆ, ಯಾವಾಗ ಬೀಳುತ್ತದೆ ಅನ್ನೋದು ಮಾತ್ರ ಬದಲಾಗುತ್ತದೆ.

ವಾರದ ಪಾಳಿ

ಇದು ಹಳೇ ಪದ್ಧತಿ. ಇಬ್ಬಿಬ್ಬರ ನಾಲ್ಕು ಜೋಡಿ. ಒಂದು ಜೋಡಿ ವಾರವಿಡೀ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ, ಮತ್ತೊಂದು ರಾತ್ರಿ. ನಾಲ್ಕನೇ ಜೋಡಿ ರಿಲೀವರ್, ಉಳಿದವರ ವೀಕ್ಲಿ ಆಫ್ ದಿನ ಅವರ ಜಾಗಕ್ಕೆ ನಿಲ್ಲೋದು. ಮುಂದಿನ ವಾರ ಎಲ್ಲರೂ ಒಂದೊಂದು ಮನೆ ಮುಂದೆ.

ಎಣಿಸಿದರೆ ಇದರಲ್ಲಿ ಮೋಸ ಇಲ್ಲ. ನೈಟ್ ವಾರದಲ್ಲಿ ಆರು ರಾತ್ರಿ, ರಿಲೀವರ್ ವಾರದಲ್ಲಿ ಒಂದು. ಎಂಟು ವಾರಕ್ಕೆ ಎಲ್ಲರಿಗೂ ಸರಿಯಾಗಿ 14. ಆದರೆ ಆ ನೈಟ್ ವಾರ ಇದೆಯಲ್ಲ, ಅದು 72 ಗಂಟೆಯ ವಾರ. ರಿಲೀವರ್ ವಾರ ಬರೀ 24 ಗಂಟೆ. ಸರಾಸರಿ 42 ಅಂತ ಹೇಳಿಕೊಂಡು ಯಾರೂ ಐದನೇ ರಾತ್ರಿ ಎಚ್ಚರ ಇರಲಾರರು.

ನನಗೆ ಇದು ಗೊತ್ತಾಗಿದ್ದು ಯಾರೋ ದೂರು ಹೇಳಿದ್ದರಿಂದಲ್ಲ, ಬಿಪಿ ಚಾರ್ಟಿನಿಂದ. ನೈಟ್ ವಾರದ ಮೊದಲೆರಡು ದಿನ ಬೆಳಗಿನ ಜಾವ 4 ಗಂಟೆಯ ರೀಡಿಂಗ್ 134/86, 118/74 ಅಂತ ಇರುತ್ತಿತ್ತು. ಐದನೇ ರಾತ್ರಿಗೆ ಬಂದರೆ ಸಾಲಾಗಿ 120/80, 120/80, 130/80. ಅಷ್ಟು ಜನಕ್ಕೆ ಒಂದೇ ಬಿಪಿ ಇರೋದುಂಟಾ? ಕಫ್ ಕಟ್ಟಿಯೇ ಇಲ್ಲ, ಕೂತಲ್ಲೇ ಬರೆದಿದ್ದಾರೆ. ಬೈಯಲಿಕ್ಕೆ ಮನಸ್ಸಾಗಲಿಲ್ಲ. ಆ ಚಾರ್ಟ್ ಬರೆದವಳು ನಾನೇ.

ಇದರ ಒಳ್ಳೇದನ್ನೂ ಹೇಳಬೇಕು. ಸೋಮವಾರ ಅಡ್ಮಿಟ್ ಆದವರಿಗೆ ವಾರವಿಡೀ ಹೆಚ್ಚುಕಮ್ಮಿ ಅದೇ ಮುಖಗಳು. ಜೊತೆಗೆ ಮನೆ ಕಡೆ ಹೊಂದಿಸೋದು ಸುಲಭ. ನಮ್ಮಲ್ಲಿ ಒಬ್ಬರ ಅತ್ತೆ ಹಳ್ಳಿಯಿಂದ ಬಂದು ನೈಟ್ ವಾರ ಪೂರ್ತಿ ಮಗುವನ್ನು ನೋಡಿಕೊಂಡು ಹೋಗುತ್ತಿದ್ದರು. ಚಾರ್ಟ್ ಬದಲಾಯಿಸಿದಾಗ ಬೇಜಾರಾಗಿದ್ದು ಅವರೊಬ್ಬರಿಗೇ.

ಬರೆದಿಟ್ಟವರಿಗೆ ರಜೆ

ಎರಡನೆಯದು ನನ್ನದೇ ಐಡಿಯಾ, ಮೂರರಲ್ಲಿ ಕೆಟ್ಟದ್ದೂ ಅದೇ. ನರ್ಸಿಂಗ್ ಸ್ಟೇಷನ್ನಿನಲ್ಲಿ ಒಂದು 100 ಪೇಜಿನ ನೋಟ್‌ಬುಕ್ ಇಟ್ಟೆ. ಯಾರಿಗೆ ಯಾವ ದಿನ ರಜೆ ಬೇಕೋ, ಯಾವ ಪಾಳಿ ಬೇಕೋ ಬರೆಯಲಿ, ನಾನು ಹೊಂದಿಸುತ್ತೇನೆ ಅಂದೆ. ಮೊದಲ ಎರಡು ವಾರ ಎಲ್ಲರೂ ಖುಷಿ. ನನಗೂ ಒಳ್ಳೇ ಹೆಸರು.

ಎಂಟು ವಾರ ಮುಗಿದ ಮೇಲೆ ಕೂತು ಎಣಿಸಿದೆ. ನೈಟ್ ಡ್ಯೂಟಿ ಹೀಗೆ ಬಿದ್ದಿತ್ತು: 9, 11, 12, 13, 14, 16, 18, 19. ಒಬ್ಬರಿಗೆ ಎಂಟು ಭಾನುವಾರದಲ್ಲಿ ಐದು ರಜೆ, ಒಬ್ಬಳಿಗೆ ಒಂದೂ ಇಲ್ಲ. ಆ ಒಬ್ಬಳೇ 19 ನೈಟ್ ಮಾಡಿದವಳು, ಎಲ್ಲರಿಗಿಂತ ಚಿಕ್ಕವಳು. ನೋಟ್‌ಬುಕ್ಕಿನಲ್ಲಿ ಅವಳ ಕೈಬರಹವೇ ಇಲ್ಲ. ಯಾಕಮ್ಮ ಬರೀಲಿಲ್ಲ ಅಂತ ಕೇಳಿದರೆ, "ಎಲ್ರೂ ಬರೆದ ಮೇಲೆ ಉಳಿದಿದ್ದು ಅಷ್ಟೇ ಸಿಸ್ಟರ್" ಅಂದಳು.

ಅದಕ್ಕಿಂತ ದೊಡ್ಡ ಸಮಸ್ಯೆ ಪಾಳಿಗಳ ನಡುವಿನ ಬಿಡುವು. ಎಲ್ಲರ ಬೇಡಿಕೆ ತುಂಬಿಸುವ ಭರದಲ್ಲಿ ಬೆಳಿಗ್ಗೆ 8ಕ್ಕೆ ನೈಟ್ ಮುಗಿಸಿದವಳನ್ನು ಅವತ್ತೇ 2 ಗಂಟೆಗೆ ವಾಪಸ್ ಕರೆದಿದ್ದೆ. ಹೆಸರಿಗೆ ಆರು ಗಂಟೆ ಬಿಡುವು. ಹೋಗಿ ಬರುವುದು, ಸ್ನಾನ, ಊಟ ಕಳೆದರೆ ಮೂರು ಗಂಟೆ ನಿದ್ದೆ ಬಂದರೆ ಪುಣ್ಯ. ಅವತ್ತು ಸಂಜೆ ಅವಳು 6ನೇ ಬೆಡ್ಡಿನ ಟೆಂಪರೇಚರನ್ನು 7ನೇ ಬೆಡ್ಡಿನ ಚಾರ್ಟಿಗೆ ಬರೆದಳು. 7ರಲ್ಲಿ ಜ್ವರದ ಮಗು. ಮಧ್ಯಾಹ್ನ 102 ಇದ್ದದ್ದು ಏಕಾಏಕಿ 98.4 ಆಗಿದೆಯಲ್ಲ ಅಂತ ಡಾಕ್ಟ್ರಿಗೇ ಅನುಮಾನ ಬಂದು ಮತ್ತೆ ನೋಡಿಸಿದರು, ಸರಿಹೋಯಿತು. ನೋಟ್‌ಬುಕ್ಕನ್ನು ಅವತ್ತೇ ಎತ್ತಿಟ್ಟೆ.

ಎಂಟು ದಿನದ ಚಕ್ರ

ಮೂರನೆಯದನ್ನು ಈಗಲೂ ನಡೆಸುತ್ತಿದ್ದೇವೆ. ಎರಡು ಬೆಳಿಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಆಮೇಲೆ ಎರಡು ದಿನ ಬಿಡುವು. ಎಂಟು ದಿನಕ್ಕೆ ಒಂದು ಸುತ್ತು. ಎಂಟು ಜನರೂ ಒಂದೊಂದು ದಿನ ಹಿಂದೆ ಮುಂದೆ ಶುರು ಮಾಡುತ್ತಾರೆ. ಮೊದಲ ಮೂರು ಸಾಲು ಹೀಗಿರುತ್ತವೆ:

```
1  M M A A N N S O
2  M A A N N S O M
3  A A N N S O M M
```

M ಬೆಳಿಗ್ಗೆ, A ಮಧ್ಯಾಹ್ನ, N ರಾತ್ರಿ, O ರಜೆ. S ಅಂದರೆ ನಿದ್ದೆ ದಿನ. ಇದಕ್ಕೆ ಬೇರೆ ಅಕ್ಷರ ಕೊಟ್ಟಿದ್ದು ಬೇಕಂತಲೇ. ಬೆಳಿಗ್ಗೆ 8ಕ್ಕೆ ನೈಟ್ ಮುಗಿಸಿ, ಹ್ಯಾಂಡ್‌ಓವರ್ ಕೊಟ್ಟು ಮನೆ ಸೇರಿ ಮೂರು ಗಂಟೆಯವರೆಗೆ ಮಲಗುವ ದಿನವನ್ನು ಹಳೇ ಚಾರ್ಟಿನಲ್ಲಿ "ಆಫ್" ಅಂತಲೇ ಬರೆಯುತ್ತಿದ್ದೆವು. ಅದು ರಜೆಯಲ್ಲ, ನೈಟ್ ಡ್ಯೂಟಿಯ ಬಾಲ. ನಿಜವಾದ ರಜೆ ಅದರ ಮಾರನೇ ದಿನದ O ಒಂದೇ. ನಿಮ್ಮ ಚಾರ್ಟಿನಲ್ಲೂ ಇವೆರಡನ್ನು ಬೇರೆ ಮಾಡಿ ಎಣಿಸಿ ನೋಡಿ, ಎಷ್ಟೋ "ವೀಕ್ಲಿ ಆಫ್" ಮಾಯವಾಗಿಬಿಡುತ್ತವೆ.

ಪಾಳಿ ಯಾವಾಗಲೂ ಮುಂದಕ್ಕೇ ಹೋಗುತ್ತದೆ, ಬೆಳಿಗ್ಗೆಯಿಂದ ಮಧ್ಯಾಹ್ನ, ಮಧ್ಯಾಹ್ನದಿಂದ ರಾತ್ರಿ. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಚೂರು ಉದ್ದ, ಹಾಗಾಗಿ ತಡವಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. ಹೀಗೆ ಹೋದರೆ ಆರು ಗಂಟೆಯ ಬಿಡುವಿಗೆ ಜಾಗವೇ ಇಲ್ಲ. ರಾತ್ರಿ ಸತತ ಎರಡೇ ಆದ್ದರಿಂದ ಬೆಳಗಿನ ಜಾವದ ಬಿಪಿ ಮತ್ತೆ 134/86 ಆಯಿತು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಭಾನುವಾರದ ಲೆಕ್ಕ. ವಾರಕ್ಕೆ ಏಳು ದಿನ, ಚಕ್ರಕ್ಕೆ ಎಂಟು. ಹಾಗಾಗಿ ಪ್ರತಿ ವಾರ ಎಲ್ಲವೂ ಒಂದು ದಿನ ಜರುಗುತ್ತದೆ. ಎಂಟು ವಾರದಲ್ಲಿ ಬರುವ ಎಂಟು ಭಾನುವಾರ ಒಬ್ಬೊಬ್ಬರಿಗೂ ಎಂಟು ಬೇರೆ ಬೇರೆ ಮನೆಯಲ್ಲಿ ಬೀಳುತ್ತವೆ. ಎರಡು ಬೆಳಿಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಒಂದು ನಿದ್ದೆ, ಒಂದು ಪೂರ್ತಿ ರಜೆ. ಯಾರೂ ಯಾರಿಗೂ ಹೊಟ್ಟೆಕಿಚ್ಚು ಪಡುವ ಹಾಗಿಲ್ಲ. ಎಂಟು ವಾರಕ್ಕೆ ಒಂದೇ ಪೂರ್ತಿ ಭಾನುವಾರ ಸಾಲದು ಅನ್ನೋದು ಬೇರೆ ಮಾತು, ಸಾಲದು ನಿಜ. ಅದಕ್ಕೇ ಅದಲುಬದಲು ಬಿಟ್ಟಿದ್ದೇನೆ. ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಬೇಕು, ಬದಲಾದ ಮೇಲೂ ನೈಟ್ ಮುಗಿಸಿದ ದಿನ ಬೇರೆ ಪಾಳಿ ಬೀಳಬಾರದು.

ಕಂಪ್ಯೂಟರಿನಲ್ಲಿ ಇದನ್ನು ಕೈಯಿಂದ ತುಂಬಿಸಬೇಕಾಗಿಲ್ಲ. ಮೊದಲ ಸಾಲಿನಲ್ಲಿ `B1`ರಿಂದ ದಿನಾಂಕ, `A2`ರಿಂದ ಕೆಳಗೆ 1ರಿಂದ 8ರವರೆಗೆ ನಂಬರ್ ಹಾಕಿ, `B2`ನಲ್ಲಿ ಇದನ್ನು ಬರೆದು ಎಳೆದರೆ ಸಾಕು:

```
=MID("MMAANNSO",MOD(B$1-$B$1+$A2-1,8)+1,1)
```

ಯಾರು ಎಷ್ಟು ನೈಟ್ ಅಂತ ನೋಡಲಿಕ್ಕೆ `=COUNTIF(B2:BE2,"N")`. 56 ದಿನಕ್ಕೆ ಎಲ್ಲರದ್ದೂ 14 ಬರಬೇಕು. ಅದಲುಬದಲು ಆದಾಗ ಆ ಮನೆಯಲ್ಲಿ ಫಾರ್ಮುಲಾ ಅಳಿಸಿ ನಿಜವಾಗಿ ಮಾಡಿದ ಪಾಳಿಯನ್ನೇ ಟೈಪ್ ಮಾಡಿ. ಇಲ್ಲದಿದ್ದರೆ ಆ 14 ಸುಮ್ನೆ ತೋರಿಕೆಗೆ.

ಎರಡೆರಡೇ ದಿನ ಇದ್ದರೆ ರೋಗಿಗೆ ಮುಖ ಪರಿಚಯ ತಪ್ಪುವುದಿಲ್ಲವಾ ಅಂತ ಡಾಕ್ಟ್ರು ಕೇಳಿದ್ದರು. ಸ್ವಲ್ಪ ತಪ್ಪುತ್ತದೆ. ಆದರೆ ಎಲ್ಲರೂ ಒಂದೊಂದು ದಿನ ಜರುಗಿ ಶುರು ಮಾಡುವುದರಿಂದ ಯಾವುದೇ ಪಾಳಿಯಲ್ಲಿ ಇಬ್ಬರಲ್ಲಿ ಒಬ್ಬರು ನಿನ್ನೆ ಅದೇ ಪಾಳಿಯಲ್ಲಿ ಇದ್ದವರೇ ಆಗಿರುತ್ತಾರೆ. ಇನ್ನೊಂದು ಸಂಗತಿ ನಾನು ತಡವಾಗಿ ಗಮನಿಸಿದ್ದು. ನಿಮ್ಮ ಜೊತೆ ಡ್ಯೂಟಿ ಮಾಡುವವರು ಯಾವಾಗಲೂ ನಿಮ್ಮ ಮೇಲಿನ ಸಾಲಿನವರು ಇಲ್ಲಾ ಕೆಳಗಿನ ಸಾಲಿನವರು, ಒಂದನೇ ಸಾಲಿಗೆ ಮೇಲಿನದು ಅಂದರೆ ಎಂಟನೆಯದು. ಆದ್ದರಿಂದ ಒಂದು ಸಾಲು ಸೀನಿಯರ್, ಒಂದು ಸಾಲು ಜೂನಿಯರ್ ಅಂತ ಹೆಣೆದೆ. ಮಾತು ಬಿಟ್ಟ ಇಬ್ಬರನ್ನು ಎರಡನೇ ಮತ್ತು ಐದನೇ ಸಾಲಿಗೆ ಹಾಕಿದೆ, ಕಾರಣ ಯಾರಿಗೂ ಹೇಳಲಿಲ್ಲ.

ಏಳೇ ಜನ ಆದಾಗ

ಆರು ತಿಂಗಳಿಗೆ ಒಬ್ಬಳು ಕೆಲಸ ಬಿಟ್ಟಳು. ನಾನು ಜಾಣತನ ಮಾಡಲು ಹೋಗಿ O ತೆಗೆದು ಏಳು ದಿನದ ಚಕ್ರ ಮಾಡಿದೆ, ಏಳು ಜನಕ್ಕೆ ಸರಿಹೋಯಿತಲ್ವಾ ಅಂತ. ಮೂರನೇ ವಾರಕ್ಕೆ ಒಬ್ಬರು ಬಂದು, "ಅಕ್ಕ, ನಂಗೆ ಯಾವಾಗಲೂ ಶನಿವಾರ ಭಾನುವಾರವೇ ನೈಟ್ ಬರ್ತಿದೆ" ಅಂದರು. ಹೌದು, ಬಂದೇ ಬರುತ್ತದೆ. ಚಕ್ರವೂ ಏಳು, ವಾರವೂ ಏಳು, ಯಾವುದೂ ಜರುಗುವುದಿಲ್ಲ. ಅವರಿಗೆ ವರ್ಷವಿಡೀ ವಾರಾಂತ್ಯದ ನೈಟ್, ಇನ್ನೊಬ್ಬರಿಗೆ ವರ್ಷವಿಡೀ ಭಾನುವಾರ ಬಿಡುವು. ಆ ಬಿಡುವೂ ಬರೀ ನಿದ್ದೆ ದಿನ.

ಮತ್ತೆ ಎಂಟರ ಚಕ್ರಕ್ಕೇ ಬಂದು ಎಂಟನೇ ಸಾಲನ್ನು ಖಾಲಿ ಬಿಟ್ಟೆ. ಆ ಸಾಲಿನ ಬೆಳಿಗ್ಗೆ ಪಾಳಿಗೆ ನಾನು ನಿಂತೆ. ಮಧ್ಯಾಹ್ನಕ್ಕೆ ಒಬ್ಬರೇ, 5 ಗಂಟೆಯವರೆಗೆ ಜೊತೆಗೆ ನಾನು. ರಾತ್ರಿ ಮಾತ್ರ ಕಷ್ಟ. O ದಿನದವರನ್ನು ಕರೆದರೆ ಮಾರನೇ ಬೆಳಿಗ್ಗೆ ಅವರಿಗೆ M ಇರುತ್ತದೆ. ಇದ್ದದ್ದರಲ್ಲಿ ವಾಸಿ ಅಂದರೆ S ದಿನದವರು ಮೂರನೇ ರಾತ್ರಿ ಮಾಡಿ, O ದಿನ ಮಲಗೋದು. ಆದರೆ ಲೆಕ್ಕ ಹಾಕಿದರೆ ಪ್ರತಿ ಸುತ್ತಿನಲ್ಲೂ ಸಿಕ್ಕಿಬೀಳುವವರು ಒಂದನೇ ಮತ್ತು ಎರಡನೇ ಸಾಲಿನವರೇ.

ಅದಕ್ಕೆ ಪ್ರತಿ ಸುತ್ತಿಗೂ ಖಾಲಿ ಸಾಲಿನ ಮೇಲಿನವರಿಗೆ ಒಂದು ಮಧ್ಯಾಹ್ನ ಹಾರಿಸಿದೆ. ಅವರು M M A ಆದ ಮೇಲೆ ಸೀದಾ N ಮಾಡಿದರೆ ಒಂದು ದಿನ ಮುಂದೆ ಹೋಗಿ ಖಾಲಿ ಸಾಲಿಗೆ ಬಂದು ಕೂರುತ್ತಾರೆ. ಅವರ ಹಳೇ ಸಾಲು ಖಾಲಿಯಾಗುತ್ತದೆ. ಹೀಗೆ ಖಾಲಿ ಜಾಗ ಎಂಟರಿಂದ ಏಳಕ್ಕೆ, ಏಳರಿಂದ ಆರಕ್ಕೆ ಹತ್ತುತ್ತಾ ಹೋಯಿತು, ಮೂರನೇ ರಾತ್ರಿಯೂ ಅದರ ಜೊತೆ ಕೈಬದಲಾಯಿತು. ಖಾಲಿ ಜಾಗ ಐದನೇ ಸಾಲಿಗೆ ಬರುವ ಹೊತ್ತಿಗೆ ಹೊಸ ಹುಡುಗಿ ಸೇರಿದಳು. ಅವಳನ್ನು ಅಲ್ಲಿಗೇ ಹಾಕಿದೆ, ಮೇಲಿನ ಕೆಳಗಿನ ಇಬ್ಬರಲ್ಲಿ ಒಬ್ಬರು ಸೀನಿಯರ್.