ಹತ್ತು ಪ್ರಯಾಣದ ವಿಮಾನ ಪಾಸ್ ಕೊಳ್ಳುವ ಮೊದಲು ನನ್ನ ಲೆಕ್ಕವನ್ನು ಒಮ್ಮೆ ನೋಡಿ

ಶಿಡ್ಲಘಟ್ಟದಲ್ಲಿ ನಾನು ರೇಷ್ಮೆ ನೂಲಿನ ವ್ಯಾಪಾರ ಮಾಡುತ್ತೇನೆ. ನೂಲಿನ ಒಂದು ಪಾಲು ಬನಾರಸಿಗೆ ಹೋಗುವುದರಿಂದ, ಬಾಕಿ ವಸೂಲಿಗೆಂದೂ ಹೊಸ ಮಾದರಿ ತೋರಿಸಲೆಂದೂ ವರ್ಷದಲ್ಲಿ ನಾಲ್ಕೈದು ಸಲ ದೇವನಹಳ್ಳಿಯಿಂದ ವಿಮಾನ ಹತ್ತುವುದು ನನಗೆ ರೂಢಿ. ಕಳೆದ ವರ್ಷದ ಜನವರಿಯಲ್ಲಿ ಒಂದು ವಿಮಾನ ಸಂಸ್ಥೆಯವರು ಫೋನ್ ಮಾಡಿ, ಒಂದು ಕಡೆಯ ಹತ್ತು ಪ್ರಯಾಣಗಳ ಪಾಸ್ ನಲವತ್ತೆರಡು ಸಾವಿರ ರೂಪಾಯಿಗೆ ಸಿಗುತ್ತದೆ, ಅಂದರೆ ಒಂದು ಪ್ರಯಾಣಕ್ಕೆ 4,200 ಮಾತ್ರ, ದರ ಎಷ್ಟೇ ಏರಿದರೂ ನಿಮಗೆ ಇಷ್ಟೇ ಎಂದರು. ಸಮಯಕ್ಕೆ ಸರಿಯಾಗಿ ಹೋಗಲೇಬೇಕಾದಾಗ ಹತ್ತು ಹನ್ನೊಂದು ಸಾವಿರ ತೆತ್ತು ನೊಂದಿದ್ದ ನಾನು ಅಂದೇ ಹಣ ಕಟ್ಟಿದೆ. ವರ್ಷ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಆರು ಮಾತ್ರ ಬಳಕೆಯಾಗಿ, ನಾಲ್ಕು ಹಾಗೆಯೇ ಉಳಿದವು.

ಉಳಿದದ್ದು ನನ್ನ ಸೋಮಾರಿತನದಿಂದಲ್ಲ. ಪಾಸಿನ ಷರತ್ತುಗಳಲ್ಲಿ ಎರಡನ್ನು ನಾನು ಓದಿದ್ದೆ, ಆದರೆ ಅವುಗಳ ಅರ್ಥ ನನ್ನ ವ್ಯಾಪಾರಕ್ಕೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಮೊದಲನೆಯದು, ಪ್ರಯಾಣಕ್ಕೆ ಕನಿಷ್ಠ ಹದಿನಾಲ್ಕು ದಿನ ಮೊದಲೇ ಸೀಟು ಕಾದಿರಿಸಬೇಕು. ಎರಡನೆಯದು, ಪ್ರತಿ ವಿಮಾನದಲ್ಲಿ ಪಾಸಿನವರಿಗೆಂದು ಒಂದು ದರದ ವರ್ಗದ ಕೆಲವೇ ಸೀಟುಗಳಿರುತ್ತವೆ. ಅವು ಮುಗಿದರೆ ವಿಮಾನ ಅರ್ಧ ಖಾಲಿ ಇದ್ದರೂ ಪಾಸಿಗೆ ಸೀಟಿಲ್ಲ. ಇದಲ್ಲದೆ ದಸರಾ, ದೀಪಾವಳಿಯ ಸುತ್ತಮುತ್ತಲಿನ ದಿನಗಳಿಗೆ ಪಾಸ್ ನಡೆಯುವುದೇ ಇಲ್ಲ. ಬನಾರಸಿನ ಗಿರಾಕಿಯೊಬ್ಬರು ಹಬ್ಬದ ಮುಂಚೆ ಫೋನ್ ಮಾಡಿ, “ಸಾಹೇಬರೇ, ನಾಡಿದ್ದು ಬಂದರೆ ಪೂರ್ತಿ ಲೆಕ್ಕ ಚುಕ್ತಾ ಮಾಡುತ್ತೇನೆ” ಎಂದರೆ, ಹದಿನಾಲ್ಕು ದಿನದ ನೋಟಿಸು ಕೊಡಿ ಎಂದು ನಾನು ಹೇಳಲಾಗುವುದಿಲ್ಲ. ಅಂಥ ಎರಡು ಕರೆಗಳಿಗೆ ಕೈಯಲ್ಲಿ ಪಾಸಿದ್ದೂ ಹೊಸದಾಗಿ ಹಣ ಕೊಟ್ಟು ಟಿಕೆಟ್ ಕೊಂಡು ಹೋಗಿಬಂದೆ.

ನನಗೆ ತಡವಾಗಿ ತಿಳಿದದ್ದು ಇದು: ಎರಡು ವಾರ ಮೊದಲೇ ದಿನಾಂಕ ಗೊತ್ತಿರುವ ಪ್ರಯಾಣಕ್ಕೆ ಸಾಮಾನ್ಯ ಟಿಕೆಟ್ಟೇ ಅಗ್ಗವಾಗಿ ಸಿಗುತ್ತದೆ. ದುಬಾರಿಯಾಗುವುದು ಕೊನೆಯ ವಾರದ ಟಿಕೆಟ್, ಪಾಸ್ ಒಲ್ಲೆ ಎನ್ನುವುದೂ ಅದನ್ನೇ. ಅಂದರೆ ನನ್ನನ್ನು ಯಾವ ಖರ್ಚಿನಿಂದ ಕಾಪಾಡಲೆಂದು ಪಾಸ್ ಕೊಂಡೆನೋ, ಆ ಖರ್ಚು ಅದರ ವ್ಯಾಪ್ತಿಯಲ್ಲೇ ಇರಲಿಲ್ಲ.

ಇನ್ನು ಲೆಕ್ಕ. ಪಾಸಿನ 4,200 ರೂಪಾಯಿ ಬರೀ ಮೂಲ ದರ. ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ ಇತ್ಯಾದಿ ಸೇರಿ ಪ್ರತಿ ಸಲ ಸೀಟು ಕಾದಿರಿಸುವಾಗ ಸುಮಾರು ಸಾವಿರ ರೂಪಾಯಿ ಬೇರೆಯಾಗಿ ಕಟ್ಟಿದ್ದೇನೆ. ಹಾಗಾಗಿ ಆರು ಪ್ರಯಾಣಕ್ಕೆ ನನ್ನ ಕೈಬಿಟ್ಟ ಹಣ ನಲವತ್ತೆಂಟು ಸಾವಿರ, ತಲಾ ಎಂಟು ಸಾವಿರ. ಪಾಸಿನಲ್ಲಿ ಕಾದಿರಿಸಿದ ಪ್ರತಿ ದಿನವೂ ಅದೇ ವಿಮಾನದ ಸಾಮಾನ್ಯ ಟಿಕೆಟ್ ಎಷ್ಟಿತ್ತೆಂದು ನಾನು ಅಂಗಡಿಯ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಎಲ್ಲ ಶುಲ್ಕವೂ ಸೇರಿ 5,400ರಿಂದ 6,300ರ ನಡುವೆ ಇತ್ತು, ಆರರ ಒಟ್ಟು ಮೂವತ್ತೈದು ಸಾವಿರ. ಹದಿಮೂರು ಸಾವಿರ ರೂಪಾಯಿ ನಷ್ಟ ಅಲ್ಲಿಗೇ ಆಯಿತು. ಅವಸರಕ್ಕೆ ಕೊಂಡ ಟಿಕೆಟ್ಟುಗಳನ್ನು ಇದರಲ್ಲಿ ಸೇರಿಸಿಲ್ಲ.

ಇದೇ ದರಗಳನ್ನಿಟ್ಟು ನೋಡಿದರೆ, ಹತ್ತನ್ನೂ ಬಳಸಿದವರಿಗೆ ವರ್ಷಕ್ಕೆ ಆರು ಸಾವಿರದ ಆಸುಪಾಸು ಉಳಿಯುತ್ತದೆ. ಒಂಬತ್ತು ಬಳಸಿದರೆ ಒಂದೂವರೆ ಸಾವಿರ ಉಳಿಯುತ್ತದೆ. ಎಂಟಕ್ಕೆ ಇಳಿದರೆ ಮೂರು ಸಾವಿರಕ್ಕಿಂತ ಹೆಚ್ಚು ಕೈಬಿಡುತ್ತದೆ. ಲಾಭದ ಗೆರೆ ಅಷ್ಟು ತೆಳುವಾಗಿರುವಾಗ, ವರ್ಷದಲ್ಲಿ ಒಂದು ಸಲ ಹೋಗಿಬರುವುದು ತಪ್ಪಿದರೂ ಸಾಕು, ಪಾಸ್ ಮುಳುಗುತ್ತದೆ. ಫೋನಿನಲ್ಲಿ ಮಾತಾಡಿದವರು ಹತ್ತರಿಂದ ಭಾಗಿಸಿ ಹೇಳಿದ್ದರು. ಎಷ್ಟು ಬಳಸುತ್ತೇವೋ ಅಷ್ಟರಿಂದಲೇ ಭಾಗಿಸಬೇಕು.

ಬಳಸದೆ ಉಳಿದದ್ದಕ್ಕೆ ಏನಾದರೂ ಮರಳಿ ಬರುತ್ತದೆಯೇ ಎಂದು ಕೇಳುವವರಿಗೆ ಒಂದು ವಿಷಯ ಹೇಳಬೇಕು. ಸಾಮಾನ್ಯ ಟಿಕೆಟ್ ಕೊಂಡು ವಿಮಾನ ತಪ್ಪಿಸಿಕೊಂಡರೆ, ಮೂಲ ದರ ಹೋದರೂ ತೆರಿಗೆ ಮತ್ತು ನಿಲ್ದಾಣದ ಶುಲ್ಕವನ್ನು ಸಂಸ್ಥೆ ಹಿಂತಿರುಗಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ, ರಿಯಾಯಿತಿ ದರದ ಟಿಕೆಟ್ಟಿಗೂ ಅದು ಅನ್ವಯಿಸುತ್ತದೆ. ಆದರೆ ಕಾದಿರಿಸದೇ ಉಳಿದ ಪಾಸಿನ ಪ್ರಯಾಣಗಳಿಗೆ ಆ ಶುಲ್ಕವನ್ನು ನಾವು ಕಟ್ಟಿಯೇ ಇರುವುದಿಲ್ಲವಾದ್ದರಿಂದ, ಹಿಂತಿರುಗುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಪಾಸಿನ ಜೊತೆಗೆ ವರ್ಷಕ್ಕೊಮ್ಮೆ ಜೊತೆಗಾರರಿಗೆ ಮೂಲ ದರವಿಲ್ಲದ ಟಿಕೆಟ್ ಕೊಡುಗೆಯೂ ಇತ್ತು. ಕಾರ್ತಿಕದಲ್ಲಿ ಕಾಶಿಗೆ ಹೋಗಬೇಕೆಂದು ಮನೆಯವಳು ಬಹಳ ದಿನದಿಂದ ಹೇಳುತ್ತಿದ್ದಳು, ಅದಕ್ಕೆ ಬಳಸೋಣ ಎಂದುಕೊಂಡೆ. ಕಾದಿರಿಸಲು ಕೂತಾಗ ತಿಳಿಯಿತು, ನನ್ನ ಟಿಕೆಟ್ ಪಾಸಿನದ್ದಾಗಿದ್ದರೆ ಅದು ನಡೆಯುವುದಿಲ್ಲ. ದಿನಾಂಕ ಬದಲಿಸಬಹುದಾದ ದುಬಾರಿ ದರದ ಟಿಕೆಟ್ಟನ್ನೇ ನಾನು ಕೊಳ್ಳಬೇಕು. ಅದರ ಮೂಲ ದರ 9,400, ಇಬ್ಬರ ಶುಲ್ಕ ಎರಡು ಸಾವಿರ, ಒಟ್ಟು 11,400. ಅದೇ ವಿಮಾನಕ್ಕೆ ಇಬ್ಬರೂ ಅಗ್ಗದ ದರದಲ್ಲಿ ಕೊಂಡರೆ 11,800. ಉಳಿಯುತ್ತಿದ್ದದ್ದು ನಾನೂರು ರೂಪಾಯಿ. ಅದಕ್ಕಾಗಿ ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿ ಒಟ್ಟಿಗೆ ಹೋಗಿ ಒಟ್ಟಿಗೇ ಬರಬೇಕು. “ರೀ, ನೀವು ಎರಡು ದಿನಕ್ಕೆ ವಾಪಸಾದರೆ ನಾನು ಅಕ್ಕನ ಜೊತೆ ಇನ್ನೂ ನಾಲ್ಕು ದಿನ ಇರಬೇಕಲ್ಲ” ಎಂದಳು ಅವಳು. ಅಲ್ಲಿಗೆ ಅದೂ ಬಿಟ್ಟುಹೋಯಿತು. ಹೇಗಿದ್ದರೂ ಆ ದುಬಾರಿ ದರದ ಟಿಕೆಟ್ಟನ್ನೇ ಕೊಳ್ಳುವ ಅಭ್ಯಾಸವಿರುವ ದಂಪತಿಗೆ ಮಾತ್ರ ಈ ಕೊಡುಗೆ ನಿಜವಾದ ಉಳಿತಾಯ.

ಪಾಸಿನಿಂದ ಲಾಭವಾದವರನ್ನೂ ನಾನು ಬಲ್ಲೆ. ಚಿಂತಾಮಣಿಯ ನನ್ನ ಗೆಳೆಯರೊಬ್ಬರು ಪುಣೆಯಲ್ಲಿ ಕೆಲಸದಲ್ಲಿದ್ದು, ತಿಂಗಳಿಗೆ ಒಂದು ಸಲ ತಪ್ಪದೆ ಮನೆಗೆ ಬಂದುಹೋಗುತ್ತಾರೆ. ಅವರು ಕೊಂಡದ್ದು ಪ್ರಯಾಣಕ್ಕೆ ಮೂರು ದಿನ ಮೊದಲಿನವರೆಗೂ ಕಾದಿರಿಸಬಹುದಾದ ಪಾಸ್. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಬಳಸಿದರು. ಒಂದೇ ಮಾರ್ಗ, ತಪ್ಪದ ಪ್ರಯಾಣ, ಜೊತೆಗೆ ಕೊನೆಯ ದಿನಗಳಲ್ಲೂ ನಡೆಯುವ ಷರತ್ತು, ಈ ಮೂರೂ ಒಟ್ಟಿಗೆ ಇದ್ದುದರಿಂದ ಅವರಿಗೆ ಉಳಿಯಿತು.

ಕೊಳ್ಳಬೇಕೆನಿಸಿದವರು ಮೊದಲು ತಮ್ಮ ಹಿಂದಿನ ವರ್ಷದ ಟಿಕೆಟ್ಟುಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ತೆಗೆದು, ಪ್ರತಿಯೊಂದನ್ನೂ ಪ್ರಯಾಣಕ್ಕೆ ಎಷ್ಟು ದಿನ ಮೊದಲು ಕೊಂಡಿದ್ದರೆಂದು ಪಕ್ಕದಲ್ಲಿ ಬರೆದುಕೊಳ್ಳಲಿ. ಪಾಸಿನ ಗಡುವಿಗಿಂತ ತಡವಾಗಿ ಕೊಂಡವನ್ನೂ ಹಬ್ಬದ ದಿನಗಳವನ್ನೂ ಹೊಡೆದುಹಾಕಿ, ಉಳಿದ ಸಂಖ್ಯೆಯಿಂದ ಪಾಸಿನ ಹಣವನ್ನು ಭಾಗಿಸಿ, ಶುಲ್ಕ ಕೂಡಿಸಿ, ಆ ಟಿಕೆಟ್ಟುಗಳಿಗೆ ತಾವು ಆಗ ಕೊಟ್ಟಿದ್ದ ಹಣದ ಪಕ್ಕದಲ್ಲಿಟ್ಟು ನೋಡಲಿ. ನನ್ನದನ್ನು ಈಗ ಹಾಗೆ ನೋಡಿದರೆ, ಹತ್ತು ಪ್ರಯಾಣಗಳಲ್ಲಿ ಐದು ಮಾತ್ರ ಉಳಿಯುತ್ತವೆ.

ಅವಧಿ ಮುಗಿಯಲು ವಾರವಿದ್ದಾಗ ಅದೇ ಸಂಸ್ಥೆಯಿಂದ ಮತ್ತೆ ಫೋನ್ ಬಂತು. ಗಡುವಿನೊಳಗೆ ಇನ್ನೊಂದು ಪಾಸ್ ಕೊಂಡರೆ ಉಳಿದ ನಾಲ್ಕನ್ನು ಅದಕ್ಕೆ ಸೇರಿಸಿಕೊಡುತ್ತೇವೆ ಎಂದರು. ಆಗ ಒಂದು ವರ್ಷದಲ್ಲಿ ಹದಿನಾಲ್ಕು ಪ್ರಯಾಣ ಮುಗಿಸಬೇಕು, ಅದೂ ಅದೇ ಹದಿನಾಲ್ಕು ದಿನದ ಷರತ್ತಿನಲ್ಲಿ. ಬೇಡ ಎಂದು ಹೇಳಿ, ಆ ನಾಲ್ಕರ ಹದಿನಾರು ಸಾವಿರದ ಎಂಟುನೂರು ರೂಪಾಯಿಯನ್ನು ಖಾತೆಯಲ್ಲಿ ನಷ್ಟದ ಕಡೆಗೆ ಬರೆದೆ.