ಇಆರ್‌ಪಿ–ಆನ್‌ಲೈನ್ ಅಂಗಡಿ ಜೋಡಣೆ: ನೇರ ಎಪಿಐ ಸಾಕಾ, ಮಿಡಲ್‌ವೇರ್ ಬೇಕಾ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವ ಗೆಳೆಯರೊಬ್ಬರು ಕೇಳಿದರು: ಅಂಗಡಿಯ ಬಿಲ್, ಸ್ಟಾಕ್ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರನ್ನು ಆನ್‌ಲೈನ್ ಅಂಗಡಿಗೆ ಎಪಿಐ ಮೂಲಕ ನೇರವಾಗಿ ಜೋಡಿಸಿದರೆ ಸಾಕಾ, ಇಲ್ಲಾ ಎರಡರ ನಡುವೆ ಆರ್ಡರ್, ಸ್ಟಾಕ್ ಮಾಹಿತಿ ಸಾಗಿಸುವ ಮಿಡಲ್‌ವೇರ್ ಬೇಕಾ ಅಂತ.

ಖರ್ಚು ನೋಡಿದರೆ ಸಾಮಾನ್ಯವಾಗಿ ನೇರ ಎಪಿಐ ಅಗ್ಗ. ಒಮ್ಮೆ ಕೋಡ್ ಬರೆಸಿದರೆ, ಆಮೇಲೆ ಎಪಿಐ ಬದಲಾದಾಗ ಸರಿಪಡಿಸಿಕೊಳ್ಳಬೇಕು ಅಷ್ಟೇ. ಮಿಡಲ್‌ವೇರ್‌ಗೆ ಸಾಮಾನ್ಯವಾಗಿ ತಿಂಗಳು ತಿಂಗಳು ದುಡ್ಡು ಕಟ್ಟಬೇಕು.

ಸ್ಟಾಕ್ ವಿಷಯದಲ್ಲಿ ಎರಡಕ್ಕೂ ಒಂದೇ ತೊಂದರೆ. 15 ನಿಮಿಷಕ್ಕೊಮ್ಮೆ ಸಿಂಕ್ ಆಗುತ್ತಿದ್ದರೆ, ಕೌಂಟರ್‌ನಲ್ಲಿ 32 ಸೈಜ್‌ನ ಕೊನೆಯ ಪೀಸ್ ಮಾರಿದ ಮೇಲೂ ಆನ್‌ಲೈನ್‌ನಲ್ಲಿ ‘1 ಇದೆ’ ಅಂತಲೇ ಕಾಣುತ್ತದೆ. ಅದಕ್ಕೇ ಪ್ರತಿ ಸೈಜ್‌ನಲ್ಲಿ ಎರಡು ಪೀಸ್ ಆನ್‌ಲೈನ್‌ನಲ್ಲಿ ತೋರಿಸದೆ ಹಿಡಿದಿಟ್ಟುಕೊಳ್ಳಿ.

ನಿಜವಾದ ವ್ಯತ್ಯಾಸ ಕಾಣುವುದು ಆರ್ಡರ್ ಕೈಕೊಟ್ಟಾಗ. ಕರೆಂಟ್ ಹೋಗಿ ಅಂಗಡಿಯ ಇಆರ್‌ಪಿ ಸರ್ವರ್ ನಿಂತಿದೆ ಅಂದುಕೊಳ್ಳಿ. ನೇರ ಎಪಿಐಯಲ್ಲಿ ಮತ್ತೆ ಕಳಿಸುವ ಕೋಡ್ ಬರೆಸಿರದಿದ್ದರೆ ಆ ಹೊತ್ತಿನಲ್ಲಿ ಬಂದ ಆರ್ಡರ್ ಇಆರ್‌ಪಿಗೆ ಬರುವುದೇ ಇಲ್ಲ. ಗಿರಾಕಿ ಫೋನ್ ಮಾಡಿದಾಗಲೇ ಗೊತ್ತಾಗೋದು. ಒಳ್ಳೆಯ ಮಿಡಲ್‌ವೇರ್ ಅದನ್ನು ಸಾಲಿನಲ್ಲಿ ಇಟ್ಟುಕೊಂಡು, ಉದಾಹರಣೆಗೆ 1, 5, 30 ನಿಮಿಷ ಬಿಟ್ಟು, ಮತ್ತೆ ಕಳಿಸುತ್ತದೆ. ಆಗಲೂ ಹೋಗದಿದ್ದರೆ ಬೇರೆ ಪಟ್ಟಿಗೆ ಹಾಕಿ ನಿಮಗೆ ತಿಳಿಸುತ್ತದೆ.

ಆದರೆ ಮತ್ತೆ ಕಳಿಸುವುದರಲ್ಲೂ ಅಪಾಯ ಇದೆ. ಇಆರ್‌ಪಿ ಬಿಲ್ ಮಾಡಿರುತ್ತದೆ, ಉತ್ತರ ಬರುವಷ್ಟರಲ್ಲಿ ನೆಟ್ ಕಡಿದಿರುತ್ತದೆ. ಮತ್ತೆ ಕಳಿಸಿದರೆ ಎರಡು ಬಿಲ್, ಸ್ಟಾಕ್‌ನಲ್ಲಿ ಎರಡು ಪೀಸ್ ಕಮ್ಮಿ! ಅದಕ್ಕೇ ಆನ್‌ಲೈನ್ ಆರ್ಡರ್ ನಂಬರನ್ನು ಇಆರ್‌ಪಿಯಲ್ಲಿ ಎರಡು ಸಲ ಬರಲಾಗದ ಕಾಲಂನಲ್ಲಿ ಇಡಿಸಿ. ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು.

ಒಂದೇ ವೆಬ್‌ಸೈಟ್, ದಿನಕ್ಕೆ ಹತ್ತಿಪ್ಪತ್ತು ಆರ್ಡರ್, ಕೋಡ್ ಬರೆದವರು ಕೈಗೆ ಸಿಗುತ್ತಾರೆ ಅಂದರೆ ನೇರ ಎಪಿಐ ಸಾಕು. ರಾತ್ರಿ ಎರಡೂ ಕಡೆಯ ಆರ್ಡರ್ ನಂಬರ್ ತಾಳೆ ನೋಡಿ. ಎರಡು ಮೂರು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುತ್ತಿದ್ದರೆ ಮಿಡಲ್‌ವೇರ್‌ಗೆ ಹೋಗಿ.