ಒಂಬತ್ತು ವರ್ಷದ ಹೆಲ್ತ್ ಪಾಲಿಸಿ: ಪ್ರೀಮಿಯಂ ಯಾಕಿಷ್ಟು ಏರಿತು ಅಂತ ಕೇಳಿದಾಗ

ನಾನು ಮತ್ತು ನನ್ನ ಹೆಂಡತಿ 2016ರ ನವೆಂಬರ್‌ನಿಂದ ಒಂದೇ ಕಂಪನಿಯ ಫ್ಯಾಮಿಲಿ ಫ್ಲೋಟರ್ ಪಾಲಿಸಿಯಲ್ಲಿದ್ದೇವೆ. ಇಬ್ಬರಿಗೂ ಸೇರಿ ಐದು ಲಕ್ಷದ ಕವರ್. ನಾವಿರೋದು ಹುಬ್ಬಳ್ಳಿಯಲ್ಲಿ. ಹೆಂಡತಿಗೆ ಮೊದಲಿಂದಲೂ ಶುಗರ್ ಇದೆ. ಅದನ್ನು ಅರ್ಜಿಯಲ್ಲೇ ಬರೆದಿದ್ದೆವು, ಅದಕ್ಕೆ ಕ್ಲೇಮ್ ಸಿಗಲು ಕಾಯಬೇಕಾದ ನಾಲ್ಕು ವರ್ಷದ ವೇಟಿಂಗ್ ಪೀರಿಯಡ್ 2020ಕ್ಕೆ ಮುಗಿಯಿತು. 2024ರಲ್ಲಿ ಆಕೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಕ್ಯಾಶ್‌ಲೆಸ್ ಸಿಕ್ಕಿತು, ಡಿಸ್ಚಾರ್ಜ್ ದಿನ ಸಂಜೆವರೆಗೆ ಕಾಯಿಸಿದರು ಅನ್ನೋದು ಬಿಟ್ಟರೆ ತೊಂದರೆ ಆಗಲಿಲ್ಲ. ಕ್ಲೇಮ್ ವಿಷಯದಲ್ಲಿ ಈ ಕಂಪನಿ ಮೇಲೆ ನನಗೆ ಬೇಜಾರಿಲ್ಲ. ಬೇಜಾರಾಗಿದ್ದು 2025ರ ರಿನ್ಯೂವಲ್‌ನಲ್ಲಿ.

2024ರಲ್ಲಿ ನಾವು ಕಟ್ಟಿದ್ದು 28,320 ರೂಪಾಯಿ. 2025ರ ನೋಟಿಸ್‌ನಲ್ಲಿ 36,000 ಅಂತ ಇತ್ತು. ಏಜೆಂಟ್‌ಗೆ ಫೋನ್ ಮಾಡಿದರೆ, "ಕಾಲು ಭಾಗ ಜಾಸ್ತಿ ಆಗಿದೆ ಸರ್, ಈಗ ಎಲ್ಲಾ ಕಡೆ ಹಂಗೇ" ಅಂದರು. ಲೆಕ್ಕ ಹಾಗಿಲ್ಲ. ಹಳೆಯ 28,320ರಲ್ಲಿ 18% ಜಿಎಸ್‌ಟಿ ಸೇರಿತ್ತು. ಅಂದರೆ ಮೂಲ ಪ್ರೀಮಿಯಂ 24,000, ತೆರಿಗೆ 4,320. ಮನೆಮಂದಿ ಸ್ವಂತಕ್ಕೆ ಮಾಡಿಸುವ ಹೆಲ್ತ್ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ ಆಗಿದೆ. ಹಾಗಾಗಿ ಹೊಸ 36,000 ಪೂರ್ತಿ ಕಂಪನಿಗೇ ಹೋಗೋ ದುಡ್ಡು. ಮೂಲ ಪ್ರೀಮಿಯಂ 24,000ದಿಂದ 36,000ಕ್ಕೆ, ಅಂದರೆ ಅರ್ಧಕ್ಕರ್ಧ ಏರಿದೆ. ತೆರಿಗೆ ಹೋಗಿದ್ದರಿಂದ ಏರಿಕೆ ಚಿಕ್ಕದಾಗಿ ಕಂಡಿತು, ಅಷ್ಟೇ. ಆ ಸುಮಾರಿಗೆ ರಿನ್ಯೂ ಮಾಡಿಸಿದವರು ಹಳೆಯ ಮತ್ತು ಹೊಸ ರಸೀದಿ ಪಕ್ಕಪಕ್ಕ ಇಟ್ಟು, ತೆರಿಗೆ ತೆಗೆದು ನೋಡಿ.

ಕಸ್ಟಮರ್ ಕೇರ್‌ನವರು ಮೆಡಿಕಲ್ ಇನ್‌ಫ್ಲೇಷನ್ ಅಂತ ಒಂದೇ ಮಾತು ಹೇಳುತ್ತಿದ್ದರು. ಫೋನ್ ಬಿಟ್ಟು ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆ. ಆ ವಿಳಾಸ ಪಾಲಿಸಿ ಪುಸ್ತಕದ ಕೊನೆಯ ಪುಟಗಳಲ್ಲೇ ಇರುತ್ತದೆ. ಏರಿಕೆಯಲ್ಲಿ ವಯಸ್ಸಿನಿಂದ ಆಗಿದ್ದೆಷ್ಟು, ಎಲ್ಲರಿಗೂ ದರ ಏರಿಸಿದ್ದರಿಂದ ಆಗಿದ್ದೆಷ್ಟು, ನಮ್ಮ ಕ್ಲೇಮ್‌ಗಾಗಿ ಏನಾದರೂ ಸೇರಿಸಿದ್ದೀರಾ, ದರ ಏರಿಕೆ ಬಗ್ಗೆ ನಮಗೆ ಮೊದಲೇ ತಿಳಿಸಿದ ಪತ್ರ ಎಲ್ಲಿದೆ, ಇಷ್ಟು ಕೇಳಿದೆ. ಹಳೆಯ ಮತ್ತು ಹೊಸ ಪ್ರೀಮಿಯಂ ಚಾರ್ಟ್ ಎರಡನ್ನೂ ಕಳಿಸಿ ಅಂತಲೂ ಬರೆದೆ.

ಈ ಸಲ ಸರಿಯಾದ ಉತ್ತರ ಬಂತು. ಫ್ಲೋಟರ್‌ನಲ್ಲಿ ಮನೆಯ ಹಿರಿಯರ ವಯಸ್ಸಿನ ಮೇಲೆ ದರ ನಿಲ್ಲುತ್ತದೆ. ನನಗೆ 56 ತುಂಬಿ 51–55ರ ಗುಂಪಿನಿಂದ 56–60ರ ಗುಂಪಿಗೆ ಬಂದೆ. ಹಳೆಯ ಚಾರ್ಟ್ ಪ್ರಕಾರವೇ ಇದರಿಂದ 24,000 ಇದ್ದದ್ದು 28,800 ಆಗುತ್ತಿತ್ತು. ಅದರ ಮೇಲೆ ಆ ಪಾಲಿಸಿ ಇರೋ ಎಲ್ಲರಿಗೂ 25% ಏರಿಸಿದ್ದರು, ಅದು 36,000 ಆಯಿತು. ಕ್ಲೇಮ್‌ಗಾಗಿ ಏನೂ ಸೇರಿಸಿಲ್ಲ ಅಂತ ಬರೆದು ಕೊಟ್ಟರು. ಇದು ಮುಖ್ಯ. ಕ್ಲೇಮ್ ಮಾಡಿದಿರಿ ಅಂತ ನಿಮ್ಮೊಬ್ಬರ ಪ್ರೀಮಿಯಂ ಏರಿಸೋ ಹಾಗಿಲ್ಲ, ರಿನ್ಯೂವಲ್ ನಿರಾಕರಿಸೋ ಹಾಗೂ ಇಲ್ಲ. ಕ್ಲೇಮ್ ಇಲ್ಲದ ವರ್ಷಗಳಿಗೆ ಕವರ್‌ಗೆ ಸೇರೋ ಬೋನಸ್ ಕಡಿಮೆ ಆಗಬಹುದು, ಅದು ಬೇರೆ. ಇನ್ನು 60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಅಂತ 2025ರ ಜನವರಿಯಲ್ಲಿ ಆದೇಶ ಬಂದಿದೆ. ನಮಗೆ ಆ ವಯಸ್ಸಾಗಿಲ್ಲ, ಹಾಗಾಗಿ ಅದು ಉಪಯೋಗಕ್ಕೆ ಬರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಮೊದಲೇ ತಿಳಿಸಿದ ಪತ್ರದ ವಿಷಯಕ್ಕೆ. ದರ ಬದಲಾದರೆ ಮೂರು ತಿಂಗಳು ಮುಂಚೆ ತಿಳಿಸುತ್ತೇವೆ ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಕಳಿಸಿದ್ದೇವೆ ಅಂದರು, ಪ್ರತಿಯನ್ನೂ ಲಗತ್ತಿಸಿದರು. ನೋಡಿದರೆ ಅದು ಹೋಗಿರೋದು ಏಜೆಂಟ್ ಇಮೇಲ್‌ಗೆ! 2016ರಲ್ಲಿ ಫಾರ್ಮ್ ತುಂಬುವಾಗ ಅವರು ತಮ್ಮದೇ ಇಮೇಲ್ ಹಾಕಿದ್ದರು. ನಮ್ಮ ಕೈಗೆ ಬಂದದ್ದು ರಿನ್ಯೂವಲ್‌ಗೆ ಒಂದು ತಿಂಗಳಷ್ಟೇ ಇದ್ದಾಗ ಬಂದ ನೋಟಿಸ್. ಹಳೆಯ ವರ್ಷಗಳ ಲೆಕ್ಕ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗೋದಕ್ಕೆ, ಅಂದರೆ ಪೋರ್ಟ್ ಮಾಡಿಸಲು, ರಿನ್ಯೂವಲ್ ದಿನಕ್ಕೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಬೇಕು. ತಡವಾಗಿ ಬಂದರೆ ತಗೊಳ್ಳೋದು ಬಿಡೋದು ಹೊಸ ಕಂಪನಿಯ ಇಷ್ಟ. ದರ ಏರಿದ್ದು ಗೊತ್ತಾಗುವಷ್ಟರಲ್ಲಿ ಹೊರಗೆ ಹೋಗೋ ಬಾಗಿಲು ಮುಚ್ಚಿತ್ತು. ಇವತ್ತೇ ನಿಮ್ಮ ಪಾಲಿಸಿ ಶೆಡ್ಯೂಲ್ ತೆಗೆದು ಮೊಬೈಲ್ ನಂಬರ್, ಇಮೇಲ್ ಯಾರದು ನೋಡಿಕೊಳ್ಳಿ.

ಇದರ ನಡುವೆ ಏಜೆಂಟ್ ಒಂದು ದಾರಿ ಹೇಳಿದರು. ಅದೇ ಕಂಪನಿಯ ಹೊಸ ಪ್ಲಾನ್, 31,500 ರೂಪಾಯಿ, ಹತ್ತು ಲಕ್ಷ ಕವರ್. ಕೇಳೋದಕ್ಕೆ ಚೆನ್ನಾಗಿತ್ತು. ಅವರು ಕಳಿಸಿದ ಕೊಟೇಷನ್‌ನಲ್ಲಿ ಮೊದಲ ಪಾಲಿಸಿ ಶುರುವಾದ ದಿನಾಂಕದ ಜಾಗದಲ್ಲಿ 2025ರ ನವೆಂಬರ್ ಅಂತ ಇತ್ತು. ಅಂದರೆ ಅದು ಹೊಚ್ಚ ಹೊಸ ಪಾಲಿಸಿ. ಹೆಂಡತಿಯ ಶುಗರ್‌ಗೆ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಐದು ವರ್ಷ ಸತತವಾಗಿ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸೋ ಹಾಗಿಲ್ಲ. ಆ ರಕ್ಷಣೆಯೂ ಮೊದಲಿಂದ ಶುರು.

ಹೊಸ ಪಾಲಿಸಿ ಬೇಡ, ಹಳೆಯ ವರ್ಷಗಳನ್ನು ಉಳಿಸಿಕೊಂಡು ಅದೇ ಕಂಪನಿಯ ಬೇರೆ ಪ್ಲಾನ್‌ಗೆ ಹೋಗೋ ಮೈಗ್ರೇಷನ್ ಆದರೆ ಮಾತ್ರ ಯೋಚಿಸುತ್ತೇನೆ, ಒಂಬತ್ತು ವರ್ಷದ ಕಂಟಿನ್ಯೂಟಿ ಲಿಖಿತವಾಗಿ ಕೊಡಿ ಅಂತ ಬರೆದೆ. ತಿದ್ದಿದ ಕೊಟೇಷನ್ ಬಂತು. ಶುರುವಾದ ದಿನಾಂಕ 2016 ಆಗಿತ್ತು. ಹಳೆಯ ಐದು ಲಕ್ಷ ಮತ್ತು ಅದಕ್ಕೆ ಸೇರಿದ ಬೋನಸ್‌ವರೆಗೆ ವೇಟಿಂಗ್ ಇಲ್ಲ, ಮೇಲಿನ ಹೆಚ್ಚುವರಿ ಮೊತ್ತಕ್ಕೆ ಮಾತ್ರ ಹೊಸದಾಗಿ ವೇಟಿಂಗ್ ಅಂತ ಸ್ಪಷ್ಟವಾಗಿ ಬರೆದಿದ್ದರು. ಇದು ನ್ಯಾಯವೇ. ಕವರ್ ಏರಿಸಿದಾಗ ಏರಿಸಿದ ಭಾಗಕ್ಕೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರೋದಿಲ್ಲ.

ಆದರೂ ನಾವು ಹೋಗಲಿಲ್ಲ. ಹೊಸ ಪ್ಲಾನ್ ಅಗ್ಗ ಯಾಕೆ ಅಂತ ಷರತ್ತು ಓದಿದಾಗ ತಿಳಿಯಿತು. ಅದರಲ್ಲಿ ನಾವು ಕಟ್ಟೋದು ಹುಬ್ಬಳ್ಳಿ ವಲಯದ ದರ. ಬೆಂಗಳೂರಿನಲ್ಲಿ ಚಿಕಿತ್ಸೆ ತಗೊಂಡರೆ ಬಿಲ್‌ನ 20% ನಾವೇ ಕೊಡಬೇಕು. ಹಾರ್ಟ್, ಕಿಡ್ನಿ ಅಂದರೆ ನಮ್ಮ ಕಡೆಯವರು ಎಷ್ಟೋ ಜನ ಬೆಂಗಳೂರಿಗೇ ಹೋಗ್ತಾರೆ ಅಲ್ವಾ? ನಾಲ್ಕು ಲಕ್ಷದ ಬಿಲ್ ಆದರೆ 80,000 ನಮ್ಮ ಜೇಬಿನಿಂದ. ವರ್ಷಕ್ಕೆ 4,500 ಉಳಿಸೋಕೆ ಅಷ್ಟು ದೊಡ್ಡ ಅಪಾಯ ಬೇಡ ಅನ್ನಿಸಿತು.

ಹಳೆಯ ಪಾಲಿಸಿಗೇ 36,000 ಕಟ್ಟಿದೆ, ದೂರು ಉಳಿಸಿಕೊಂಡೇ ಕಟ್ಟುತ್ತಿದ್ದೇನೆ ಅಂತ ಇಮೇಲ್‌ನಲ್ಲಿ ಬರೆದೆ. ಜಗಳ ಮುಗಿಯಲಿ ಅಂತ ಕಟ್ಟದೆ ಕೂರಬೇಡಿ. ವರ್ಷಕ್ಕೊಮ್ಮೆ ಕಟ್ಟೋ ಪಾಲಿಸಿಗೆ 30 ದಿನ ಗ್ರೇಸ್ ಇದೆ, ಅಷ್ಟರೊಳಗೆ ಕಟ್ಟಿದರೆ ಕಂಟಿನ್ಯೂಟಿ ಉಳಿಯುತ್ತದೆ. ಆದರೆ ಆ ಮಧ್ಯದ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗೋದಿಲ್ಲ.

25% ಏರಿಕೆ ಇಳಿಯಲಿಲ್ಲ. ಎಲ್ಲರಿಗೂ ಏರಿಸಿದ ದರವನ್ನು ನಮಗೊಬ್ಬರಿಗೆ ಇಳಿಸುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ನೋಟಿಸ್ ತಪ್ಪು ವಿಳಾಸಕ್ಕೆ ಹೋದ ಬಗ್ಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇನೆ. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಪಾಲಿಸಿಯಲ್ಲಿ ಈಗ ನನ್ನ ಇಮೇಲ್ ಇದೆ. ಮುಂದಿನ ಸೆಪ್ಟೆಂಬರ್‌ನಲ್ಲೇ ಬೇರೆ ಕಂಪನಿಗಳ ಪೋರ್ಟ್ ದರ ತರಿಸುತ್ತೇನೆ. ಕ್ಲೇಮ್‌ಗೆ ನಾಲ್ಕು ಸ್ಟಾರ್, ರಿನ್ಯೂವಲ್‌ಗೆ ಎರಡು.